‘ಅಣ್ಣಾ, ಮಾಲು ರೆಡಿ ಇದೆ’: ಈ ಸಂದೇಶವನ್ನು ದರಪಟ್ಟಿಯಾಗಿ ಬರೆಯುವುದು ಹೇಗೆ?

ಅರಕಲಗೂಡು ಕಡೆಯ ನಮ್ಮ ರೈತ ಉತ್ಪಾದಕರ ಗುಂಪಿಗೆ ನಾನು ಕಾರ್ಯದರ್ಶಿಯಾದ ಮೊದಲ ವರ್ಷ, ಬೆಂಗಳೂರಿನ ಖರೀದಿದಾರರೊಬ್ಬರಿಗೆ ಮೊಬೈಲ್‌ನಲ್ಲಿ ಕಳುಹಿಸಿದ ಸಂದೇಶ ಹೀಗಿತ್ತು:

“ಅಣ್ಣಾ, ಶುಂಠಿ ರೆಡಿ ಇದೆ. ಒಳ್ಳೆಯ ಮಾಲು. 150 ಚೀಲ ಆಗುತ್ತದೆ. ಚೀಲ 1800. ಹೇಳಿದರೆ ನಾಳೆಯೇ ಲೋಡ್ ಮಾಡಿಸುತ್ತೇನೆ.”

ಅವರು “ಆಗಲಿ, ಕಳುಹಿಸಿ” ಎಂದರು. ಕಳುಹಿಸಿದೆವು. ಹಣ ಬಂದಾಗ ಲೆಕ್ಕದಲ್ಲಿ 23,000 ರೂಪಾಯಿ ಕಡಿಮೆ ಇತ್ತು. ಮಣ್ಣಿನ ಬಾಬ್ತು ಎಂದು ಚೀಲಕ್ಕೆ 2 ಕೆಜಿಯಂತೆ 300 ಕೆಜಿ ಮುರಿದುಕೊಂಡಿದ್ದರು, ಅದು 9,000 ರೂಪಾಯಿ. ಲಾರಿ ಬಾಡಿಗೆ 14,000 ನಮ್ಮ ತಲೆಗೆ ಬಂದಿತ್ತು. ವಾದ ಮಾಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮಣ್ಣಿನ ಬಗ್ಗೆಯಾಗಲಿ ಬಾಡಿಗೆಯ ಬಗ್ಗೆಯಾಗಲಿ ಆ ಸಂದೇಶದಲ್ಲಿ ಒಂದು ಮಾತೂ ಇಲ್ಲ. ಹನ್ನೊಂದು ಮನೆಯವರು ಬೆಳೆದ ಶುಂಠಿ ಅದು. ಪ್ರತಿಯೊಬ್ಬರಿಗೂ ಲೆಕ್ಕ ಬಿಡಿಸಿ ಹೇಳಿದ ಆ ಸಂಜೆಯನ್ನು ನಾನು ಮರೆತಿಲ್ಲ.

ಅದೇ ಸಂದೇಶವನ್ನು ಇಂದು ನಾನು ಹೇಗೆ ಬರೆಯುತ್ತೇನೆ ಎಂಬುದನ್ನು ಹಂತ ಹಂತವಾಗಿ ವಿವರಿಸುತ್ತೇನೆ. ಉದಾಹರಣೆ ಶುಂಠಿಯದು, ದರ ಲೆಕ್ಕಕ್ಕಾಗಿ ಹಿಡಿದದ್ದು.

ಮೊದಲು ಸಂದೇಶದ ಮೇಲೆ ಪೆನ್ಸಿಲ್ ಆಡಿಸಿ

ದರಪಟ್ಟಿ ಬರೆಯಲು ಕೂರುವ ಮೊದಲು, ಎರಡು ಅರ್ಥ ಬರುವ ಪದಗಳ ಕೆಳಗೆ ಗೆರೆ ಎಳೆಯಿರಿ. ಮೇಲಿನ ಸಂದೇಶದಲ್ಲಿ ಅಂಥವು ನಾಲ್ಕಿವೆ: ಶುಂಠಿ, ಒಳ್ಳೆಯ ಮಾಲು, ಚೀಲ, ನಾಳೆ.

“ಚೀಲ” ಎಲ್ಲಕ್ಕಿಂತ ಅಪಾಯದ ಪದ. ನಮ್ಮ ಭಾಗದಲ್ಲಿ ಶುಂಠಿಯ ಚೀಲವೆಂದರೆ 60 ಕೆಜಿ ಎಂಬುದು ಮಕ್ಕಳಿಗೂ ಗೊತ್ತು. ಆದರೆ ಕಾಫಿಯ ಚೀಲ 50 ಕೆಜಿ. ಹೊರಗಿನ ವ್ಯಾಪಾರಿ ಕ್ವಿಂಟಲ್ ಲೆಕ್ಕದಲ್ಲಿ ಯೋಚಿಸುತ್ತಾನೆ. ಜೊತೆಗೆ ಆ 60 ಕೆಜಿಯಲ್ಲಿ ಗೋಣಿಯ ತೂಕ ಸೇರಿದೆಯೇ, ಮಣ್ಣು ಸೇರಿದೆಯೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಆದ್ದರಿಂದ ದರವನ್ನು ಕೆಜಿಗೆ ಬರೆಯಿರಿ, ಚೀಲದ ಲೆಕ್ಕ ಅದರ ಹಿಂದೆ ಬರಲಿ: ಕೆಜಿಗೆ 30 ರೂಪಾಯಿ, ಅಂದರೆ 60 ಕೆಜಿ ನಿವ್ವಳ ತೂಕಕ್ಕೆ 1,800 ರೂಪಾಯಿ.

“ಶುಂಠಿ” ಎಂಬ ಪದಕ್ಕೂ ವಿವರ ಬೇಕು. ಹೊಸ ಶುಂಠಿಯೋ, ಭೂಮಿಯಲ್ಲೇ ಬಿಟ್ಟು ಮರುವರ್ಷ ಕಿತ್ತ ಹಳೆ ಶುಂಠಿಯೋ? ಎರಡರ ದರ ಒಂದೇ ಅಲ್ಲ. ತಳಿ ಹಿಮಾಚಲವೋ ರಿಗೋಡಿಯೋ? “ಹಸಿ” ಎಂಬ ಪದವನ್ನೂ ತಪ್ಪದೆ ಬರೆಯಿರಿ. ಹಸಿ ಶುಂಠಿಗೆ ಜಿಎಸ್‌ಟಿ ಇಲ್ಲ, ಒಣ ಶುಂಠಿಗೆ ಇದೆ. ಬರೀ “ಶುಂಠಿ” ಎಂದು ಬರೆದ ಕಾಗದ ಖರೀದಿದಾರರ ಲೆಕ್ಕಪತ್ರದವರಲ್ಲಿ ಬೇಡದ ಅನುಮಾನ ಹುಟ್ಟಿಸುತ್ತದೆ.

“ಒಳ್ಳೆಯ ಮಾಲು” ಎನ್ನುವ ಬದಲು ತೂಗಿ ಹೇಳಿ

ಮಣ್ಣಿನ ಜಗಳಕ್ಕೆ ನಾವು ಕಂಡುಕೊಂಡ ದಾರಿ ಬಹಳ ಸರಳ. ಐದಾರು ಚೀಲಗಳ ಮೇಲಿನಿಂದ, ನಡುವಿನಿಂದ, ತಳದಿಂದ ಗೆಡ್ಡೆ ತೆಗೆದು ಒಟ್ಟು 10 ಕೆಜಿ ತೂಗುತ್ತೇವೆ. ಟಾರ್ಪಾಲಿನ ಮೇಲೆ ಹರವಿ, ಬೆರಳುಗಳ ಸಂದಿಯ ಮಣ್ಣನ್ನು ಒಣ ಬ್ರಷ್‌ನಿಂದ ಉದುರಿಸಿ, ಗೆಡ್ಡೆಯನ್ನು ಮತ್ತೆ ತೂಗುತ್ತೇವೆ. ತೊಳೆಯಬಾರದು, ತೊಳೆದರೆ ನೀರಿನ ತೂಕ ಸೇರಿ ಲೆಕ್ಕ ಸುಳ್ಳಾಗುತ್ತದೆ. 10 ಕೆಜಿ 9.850 ಕೆಜಿಗೆ ಇಳಿದರೆ ಮಣ್ಣು ಶೇ 1.5. ಆಗ ದರಪಟ್ಟಿಯಲ್ಲಿ “ಮಣ್ಣಿನ ಅಂಶ ಶೇ 2ರ ಒಳಗೆ” ಎಂದು ಧೈರ್ಯವಾಗಿ ಬರೆಯಬಹುದು. ಅಂದು ನಮ್ಮಿಂದ ಮುರಿದುಕೊಂಡ 60ಕ್ಕೆ 2 ಕೆಜಿ ಎಂದರೆ ಶೇ 3.3 ಆಗುತ್ತದೆ. ನಮ್ಮ ಬಳಿ ಈ ಪರೀಕ್ಷೆಯ ಲೆಕ್ಕ ಇದ್ದಿದ್ದರೆ ಆ 9,000 ರೂಪಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತಿತ್ತು. ಮಳೆಯಲ್ಲಿ ಕಿತ್ತ ಮಾಲಿಗೆ ಈ ಅಂಕಿ ನಿಲ್ಲುವುದಿಲ್ಲ. ಪ್ರತಿ ಬಾರಿಯೂ ಹೊಸದಾಗಿ ತೂಗಬೇಕು.

ಕೊಳೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೊಳೆ ತಗುಲಿದ ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗಿ ನೀರು ಜಿನುಗುತ್ತದೆ, ಕೆಟ್ಟ ವಾಸನೆ ಬರುತ್ತದೆ. ಅಂಥದ್ದೊಂದು ಚೀಲದೊಳಗೆ ಹೋದರೆ ಪಕ್ಕದ ಗೆಡ್ಡೆಗಳನ್ನೂ ಕೆಡಿಸುತ್ತದೆ. “ಕೊಳೆ ಇಲ್ಲ” ಎಂದು ಬರೆಯುವವರು ಚೀಲ ಹೊಲಿಯುವ ಮುನ್ನ ಆರಿಸಿರಬೇಕು. ಆರಿಸದೆ ಬರೆದರೆ ದರಪಟ್ಟಿ ನಮ್ಮ ಮೇಲೆಯೇ ಸಾಕ್ಷಿಯಾಗುತ್ತದೆ.

ದರಪಟ್ಟಿ ಹೀಗಿರಲಿ

ಗುಂಪಿನ ಹೆಸರು, ವಿಳಾಸ ಇರುವ ಕಾಗದದಲ್ಲಿ ಬರೆದು ಪಿಡಿಎಫ್ ಮಾಡಿ ಕಳುಹಿಸುವುದು ಒಳ್ಳೆಯದು. ಅನುಕೂಲವಿಲ್ಲದಿದ್ದರೆ ಸಂದೇಶದಲ್ಲೇ ಪೂರ್ತಿ ಬರೆದರೂ ಸರಿ.

> ದರಪಟ್ಟಿ ಸಂಖ್ಯೆ: 14 ದಿನಾಂಕ: ಜನವರಿ 10
>
> ಮಾನ್ಯರೇ,
>
> ತಾವು ದೂರವಾಣಿಯಲ್ಲಿ ಕೇಳಿದಂತೆ ನಮ್ಮ ದರ ಮತ್ತು ಷರತ್ತುಗಳನ್ನು ತಿಳಿಸುತ್ತಿದ್ದೇವೆ.
>
> ಸರಕು: ಹಸಿ ಶುಂಠಿ, ಹೊಸ ಬೆಳೆ, ಹಿಮಾಚಲ ತಳಿ. ತೊಳೆದಿಲ್ಲ, ಮಣ್ಣಿನ ಅಂಶ ಶೇ 2ರ ಒಳಗೆ. ಕೊಳೆತ ಗೆಡ್ಡೆ ಆರಿಸಿ ತೆಗೆಯಲಾಗಿದೆ.
>
> ಪ್ರಮಾಣ: 9,000 ಕೆಜಿ (ಸುಮಾರು 150 ಚೀಲ). ಶೇ 3ರಷ್ಟು ಹೆಚ್ಚು ಕಡಿಮೆ ಆಗಬಹುದು.
>
> ದರ: ನಿವ್ವಳ ಕೆಜಿಗೆ 30 ರೂ. (60 ಕೆಜಿಗೆ 1,800 ರೂ.). ಅಂದಾಜು ಮೊತ್ತ 2,70,000 ರೂ.
>
> ತೂಕ: ಲೋಡ್ ಮಾಡುವ ಊರಿನ ವೇಬ್ರಿಡ್ಜ್ ತೂಕವೇ ಅಂತಿಮ. ಗೋಣಿಚೀಲದ ತೂಕ ಕಳೆಯಲಾಗುವುದು. ಮಣ್ಣಿಗೆ ಬೇರೆ ಕಡಿತವಿಲ್ಲ.
>
> ಖರ್ಚು: ಲೋಡಿಂಗ್ ಹಮಾಲಿ ನಮ್ಮದು. ಲಾರಿ ಬಾಡಿಗೆ ಮತ್ತು ಇಳಿಸುವ ಹಮಾಲಿ ತಮ್ಮದು.
>
> ಹಣ: ಒಪ್ಪಿಗೆಯೊಂದಿಗೆ ಶೇ 30, ಅಂದರೆ 81,000 ರೂ. ಮುಂಗಡ. ಬಾಕಿ, ಲಾರಿ ತಲುಪಿದ 24 ಗಂಟೆಯೊಳಗೆ.
>
> ರವಾನೆ: ಮುಂಗಡ ಬಂದ ಮೇಲೆ, ಸಂಕ್ರಾಂತಿಯ ದಿನ ಬಿಟ್ಟು 4 ದಿನದೊಳಗೆ.
>
> ದೂರು: ಲಾರಿ ತಲುಪಿದ 6 ಗಂಟೆಯೊಳಗೆ, ಚೀಲ ಬಿಚ್ಚುವ ವೀಡಿಯೊ ಮತ್ತು ತೂಕದೊಂದಿಗೆ.
>
> ಈ ದರ ಜನವರಿ 12ರ ಸಂಜೆ 5 ಗಂಟೆಯವರೆಗೆ ಮಾತ್ರ. ತಮ್ಮ ಒಪ್ಪಿಗೆಯನ್ನು ದರಪಟ್ಟಿ ಸಂಖ್ಯೆಯೊಂದಿಗೆ ಬರಹದಲ್ಲಿ ತಿಳಿಸಲು ಕೋರುತ್ತೇವೆ.

“ನಾಳೆ” ಎಂಬ ಪದ ಎಲ್ಲಿ ಹೋಯಿತು ನೋಡಿ. 9 ಟನ್ ಶುಂಠಿಯನ್ನು ಲಾರಿಗೆ ತುಂಬಲು ಆಳು ಸಿಗಬೇಕು. ಹಬ್ಬದ ದಿನ ಯಾರೂ ಬರುವುದಿಲ್ಲ. ಅದನ್ನು ಮೊದಲೇ ಬರೆದರೆ ಖರೀದಿದಾರರು ಅದಕ್ಕೆ ತಕ್ಕಂತೆ ತಮ್ಮ ಏರ್ಪಾಡು ಮಾಡಿಕೊಳ್ಳುತ್ತಾರೆ.

ತೂಕದ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. ಹಸಿ ಶುಂಠಿ ದಾರಿಯುದ್ದಕ್ಕೂ ಒಣಗುತ್ತದೆ. ಬೆಂಗಳೂರಿನಲ್ಲಿ ತೂಗುವಾಗ ಶೇ 1 ಇಳಿದಿದ್ದರೂ 90 ಕೆಜಿ, ಅಂದರೆ 2,700 ರೂಪಾಯಿ. ಅದು ಯಾರ ನಷ್ಟ ಎಂಬುದು ಲಾರಿ ಹೊರಡುವ ಮೊದಲೇ ತೀರ್ಮಾನವಾಗಿರಬೇಕು. ಖರೀದಿದಾರರು ತಮ್ಮ ಕಡೆಯ ತೂಕವೇ ಬೇಕೆಂದು ಹಟ ಹಿಡಿದರೆ ಒಪ್ಪಬಹುದು, ಆದರೆ ಆ ಇಳಿಕೆಯನ್ನು ದರಕ್ಕೆ ಸೇರಿಸಿ ಒಪ್ಪಬೇಕು.

ದರಕ್ಕೆ ಗಡುವು ಹಾಕುವುದು ಒರಟುತನ ಎಂದು ನಮ್ಮಲ್ಲಿ ಅನೇಕರು ಸಂಕೋಚಪಡುತ್ತಾರೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ನಮೂದಿಸಿದ ಅವಧಿ ಮುಗಿದರೆ ಪ್ರಸ್ತಾವ ತಾನಾಗಿಯೇ ಬಿದ್ದುಹೋಗುತ್ತದೆ. ಅವಧಿ ಹಾಕದಿದ್ದರೆ “ಸಮಂಜಸ ಕಾಲ” ಎಷ್ಟು ಎಂಬ ಚರ್ಚೆ ಶುರುವಾಗುತ್ತದೆ. ದರ ಏರಿದ ವಾರದಲ್ಲಿ ಹಳೆಯ ಸಂದೇಶ ತೋರಿಸಿ ಮಾಲು ಕೇಳುವವರು ಇದ್ದೇ ಇರುತ್ತಾರೆ. ಅದೇ ಕಾಯ್ದೆಯ 7ನೇ ಸೆಕ್ಷನ್ ಒಪ್ಪಿಗೆ ಷರತ್ತಿಲ್ಲದೆ ಪೂರ್ಣವಾಗಿರಬೇಕು ಎನ್ನುತ್ತದೆ. “ಸರಿ, ಆದರೆ 29 ಮಾಡಿ” ಎಂಬ ಉತ್ತರ ಬಂದರೆ ಅದು ಒಪ್ಪಿಗೆಯಲ್ಲ. ನೀವು 29ಕ್ಕೆ ಒಪ್ಪುವುದಾದರೆ ಹೊಸ ಸಂಖ್ಯೆಯ ದರಪಟ್ಟಿ ಬರೆಯಿರಿ, ಹಳೆಯದನ್ನು ತಿದ್ದಬೇಡಿ.

ಹೊಸ ಖರೀದಿದಾರರಾದರೆ ಹಣದ ಸಾಲು ಬದಲಾಗಬೇಕು: ಬಾಕಿ ಪೂರ್ತಿ ಬಂದ ಮೇಲೆ ಲಾರಿ ಹೊರಡುತ್ತದೆ. ಕೊಡುವ ಮನಸ್ಸೇ ಇಲ್ಲದವರಿಂದ ಕಾಗದ ಹಣ ತಂದುಕೊಡಲಾರದು.

ಲಾರಿ ಹೊರಟ ಮೇಲಿನ ದೃಢೀಕರಣ

“ಅಣ್ಣಾ ಗಾಡಿ ಹೊರಟಿತು, ಬೆಳಿಗ್ಗೆ ಬರುತ್ತದೆ” ಎಂದು ಬರೆದು ಸುಮ್ಮನಾಗುವುದು ಇನ್ನೊಂದು ತಪ್ಪು. ದರಪಟ್ಟಿಯಲ್ಲಿದ್ದದ್ದು ಅಂದಾಜು, ದೃಢೀಕರಣದಲ್ಲಿ ನಡೆದದ್ದು ಮಾತ್ರ ಇರಬೇಕು. ಆದ್ದರಿಂದ ದರಪಟ್ಟಿಯ 9,000 ಕೆಜಿಯನ್ನು ಇಲ್ಲಿಗೆ ನಕಲು ಮಾಡಬೇಡಿ, ವೇಬ್ರಿಡ್ಜ್ ಚೀಟಿ ಕೈಗೆ ಬಂದ ಮೇಲೆಯೇ ಬರೆಯಿರಿ.

ಗೋಣಿಯ ತೂಕಕ್ಕೆ ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿ ಸರಾಸರಿ ತೆಗೆಯಿರಿ. ಹತ್ತು ಚೀಲ 7 ಕೆಜಿ ಬಂದರೆ ಒಂದಕ್ಕೆ 700 ಗ್ರಾಂ, 150 ಚೀಲಕ್ಕೆ 105 ಕೆಜಿ.

> ರವಾನೆ ದೃಢೀಕರಣ (ದರಪಟ್ಟಿ ಸಂಖ್ಯೆ 14ರಂತೆ)
>
> ಜನವರಿ 17, ಸಂಜೆ 6.30ಕ್ಕೆ 150 ಚೀಲ ಹಸಿ ಶುಂಠಿ ಹೊತ್ತ ಲಾರಿ ಹೊರಟಿದೆ. ಲಾರಿ ಸಂಖ್ಯೆ, ಚಾಲಕರ ಮೊಬೈಲ್ ಸಂಖ್ಯೆ ಮತ್ತು ವೇಬ್ರಿಡ್ಜ್ ಚೀಟಿಯ ಚಿತ್ರ ಲಗತ್ತಿಸಿದೆ.
>
> ತುಂಬಿದ ತೂಕ 14,805 ಕೆಜಿ, ಖಾಲಿ ತೂಕ 5,640 ಕೆಜಿ, ಗೋಣಿಚೀಲ 105 ಕೆಜಿ. ನಿವ್ವಳ 9,060 ಕೆಜಿ.
>
> ಮೊತ್ತ 2,71,800 ರೂ. ಬಂದ ಮುಂಗಡ 81,000 ರೂ. ಬಾಕಿ 1,90,800 ರೂ.
>
> ಲಾರಿ ಜನವರಿ 18ರ ಬೆಳಿಗ್ಗೆ ತಲುಪುವ ನಿರೀಕ್ಷೆ ಇದೆ. ತಲುಪಿದ ಸಮಯ ಮತ್ತು ಎಣಿಸಿದ ಚೀಲಗಳ ಸಂಖ್ಯೆಯನ್ನು ದಯವಿಟ್ಟು ಬರೆದು ತಿಳಿಸಿ.

ಕೊನೆಯ ಸಾಲಿಗೆ ಉತ್ತರ ಬರುವವರೆಗೆ ನಾನು ಬಿಡುವುದಿಲ್ಲ. ದೂರಿನ 6 ಗಂಟೆಯೂ ಬಾಕಿಯ 24 ಗಂಟೆಯೂ ಲಾರಿ ತಲುಪಿದ ಸಮಯದಿಂದಲೇ ಲೆಕ್ಕ. ಆ ಸಮಯ ಬರಹದಲ್ಲಿ ಇಲ್ಲದಿದ್ದರೆ ಎರಡು ಷರತ್ತುಗಳೂ ಗಾಳಿಯಲ್ಲಿ ತೂಗಾಡುತ್ತವೆ. ಉತ್ತರ ಬಾರದಿದ್ದರೆ ಚಾಲಕರನ್ನು ಕೇಳಿ, “ತಮ್ಮ ಗೋದಾಮಿಗೆ ಲಾರಿ ಬೆಳಿಗ್ಗೆ 5.10ಕ್ಕೆ ತಲುಪಿದೆ ಎಂದು ಚಾಲಕರು ತಿಳಿಸಿದ್ದಾರೆ” ಎಂದು ನಾವೇ ಬರೆದು ಕಳುಹಿಸುತ್ತೇವೆ.

ಲಾರಿ ತಡವಾದಾಗಲೂ ಇದೇ ರೀತಿ. “ಸ್ವಲ್ಪ ಲೇಟಾಗುತ್ತದೆ ಅಣ್ಣಾ” ಎಂದರೆ ಅವರು ಹಮಾಲರನ್ನು ಕಾಯಿಸಿಕೊಂಡು ಕೂರುತ್ತಾರೆ. ಬದಲಿಗೆ: “ಲಾರಿಯ ಟೈರ್ ಒಡೆದು ಕುಣಿಗಲ್ ಬಳಿ ನಿಂತಿದೆ. ಬೆಳಿಗ್ಗೆ 5ರ ಬದಲು 9 ಗಂಟೆಗೆ ತಲುಪಲಿದೆ. ಮಾಲಿಗೆ ತೊಂದರೆಯಾಗಿಲ್ಲ. 8 ಗಂಟೆಗೆ ಮತ್ತೆ ತಿಳಿಸುತ್ತೇವೆ.” ಹಾಗೆ ಬರೆದ ಮೇಲೆ, 8 ಗಂಟೆಗೆ ಬರೆಯಲು ಹೊಸದೇನೂ ಇಲ್ಲದಿದ್ದರೂ ಆ ಸಂದೇಶವನ್ನು ಕಳುಹಿಸಲೇಬೇಕು.