ಕಂಪನಿ ಡೈರೆಕ್ಟರ್‌ಗೆ ಬೇರೆ ಆರ್ಡರ್ ಬಂದಾಗ ಏನು ಮಾಡಬೇಕು?

ಪೀಣ್ಯದಲ್ಲಿ ಮೂವರು ಸ್ನೇಹಿತರು ಸೇರಿ ಪಂಪಿನ ಬಿಡಿಭಾಗ ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಮೂವರೂ ಡೈರೆಕ್ಟರ್‌ಗಳು. ಅವರಲ್ಲಿ ಒಬ್ಬರು ನೀವು. ಒಂದು ಭಾನುವಾರ ಹಳೇ ಗ್ರಾಹಕರೊಬ್ಬರು ನಿಮ್ಮ ಮೊಬೈಲಿಗೇ ಫೋನ್ ಮಾಡುತ್ತಾರೆ. 'ವಾಲ್ವ್ ಬಿಡಿಭಾಗದ ಆರ್ಡರ್ ಇದೆ, ವರ್ಷಕ್ಕೆ 40 ಲಕ್ಷದ್ದು. ಕಂಪನಿ ಬೇಡ, ನೀವೇ ಮಾಡಿಕೊಡಿ' ಎನ್ನುತ್ತಾರೆ. ಹೆಂಡತಿಯ ಹೆಸರಿನಲ್ಲಿ ಒಂದು ಶೆಡ್ ಹಿಡಿದರೆ ಆಯಿತು ಅಂತ ನಿಮಗೆ ಅನ್ನಿಸುತ್ತದೆ. ಆದರೆ ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಇದೆ.

ಮೊದಲು, ಈ ಅವಕಾಶ ಯಾರದ್ದು ಎಂದು ನೋಡಿ

ಇದು ಕಂಪನಿ ಮಾಡುವ ಅಥವಾ ಮಾಡಬಹುದಾದ ಕೆಲಸವೇ? ನೀವು ಡೈರೆಕ್ಟರ್ ಆಗಿರದಿದ್ದರೆ ಆ ಫೋನ್ ನಿಮಗೆ ಬರುತ್ತಿತ್ತೇ? ಕಂಪನಿಯಲ್ಲಿ ತಿಳಿದ ರೇಟು, ಡ್ರಾಯಿಂಗ್ ಬಳಸಬೇಕಾಗುತ್ತದೆಯೇ? ಇವುಗಳಲ್ಲಿ ಒಂದರ ಉತ್ತರವಾದರೂ ಕಂಪನಿಯ ಕಡೆಗೆ ಬೆರಳು ತೋರಿಸಿದರೆ, ಅವಕಾಶ ಕಂಪನಿಯದ್ದೇ ಎಂದುಕೊಂಡು ಮುಂದುವರಿಯಿರಿ.

'ಗ್ರಾಹಕರೇ ಕಂಪನಿ ಬೇಡ ಅಂದರಲ್ವಾ?' ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಇಂಗ್ಲೆಂಡಿನಲ್ಲಿ 1972ರಲ್ಲಿ ತೀರ್ಪಾದ ಕೂಲಿ ಎಂಬುವರ ಪ್ರಕರಣ ಹೆಚ್ಚುಕಡಿಮೆ ಇಂಥದ್ದೇ. ಅವರು ವಾಸ್ತುಶಿಲ್ಪಿ, ಒಂದು ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್. ಒಂದು ಗ್ಯಾಸ್ ಬೋರ್ಡಿನ ಕಟ್ಟಡದ ಕೆಲಸ ಕಂಪನಿಗೆ ಸಿಕ್ಕಿರಲಿಲ್ಲ. ಆಮೇಲೆ ಬೋರ್ಡಿನವರು ಕೂಲಿ ಅವರನ್ನೇ ಕರೆದು, ವೈಯಕ್ತಿಕವಾಗಿ ಕೆಲಸ ಕೊಡುವ ಮಾತಾಡಿದರು. ಅವರು ಕಂಪನಿಗೆ ಅದನ್ನು ತಿಳಿಸಲಿಲ್ಲ. ಆರೋಗ್ಯ ಸರಿಯಿಲ್ಲ ಎಂದು ಹೇಳಿ ಕೆಲಸ ಬಿಟ್ಟು, ಗುತ್ತಿಗೆ ಹಿಡಿದರು. ಕಂಪನಿಗೆ ಆ ಗುತ್ತಿಗೆ ಸಿಗುವ ಸಾಧ್ಯತೆ ಶೇ 10ಕ್ಕಿಂತ ಹೆಚ್ಚಿರಲಿಲ್ಲ ಎಂದು ನ್ಯಾಯಾಲಯವೇ ಒಪ್ಪಿತು. ಆದರೂ ಬಂದ ಲಾಭವನ್ನು ಕಂಪನಿಗೆ ಕೊಡಬೇಕು ಎಂದಿತು. ಕಂಪನಿಗೆ ಎಷ್ಟು ನಷ್ಟವಾಯಿತು ಎಂಬುದಕ್ಕಿಂತ ನಿಮಗೆ ಎಷ್ಟು ಲಾಭ ಬಂತು ಎಂಬುದೇ ಇಲ್ಲಿ ಲೆಕ್ಕ.

ನಮ್ಮ 2013ರ ಕಂಪನಿ ಕಾಯ್ದೆಯ 166ನೇ ಕಲಮೂ ಇದೇ ದಾರಿಯಲ್ಲಿದೆ. ಕಂಪನಿಯ ಹಿತಕ್ಕೂ ನಿಮ್ಮ ಹಿತಕ್ಕೂ ತಿಕ್ಕಾಟ ಬರಬಹುದಾದ ಜಾಗದಲ್ಲಿ ನೀವು ನಿಲ್ಲಬಾರದು. ಅನುಚಿತ ಲಾಭ ಮಾಡಿಕೊಂಡದ್ದು ಸಾಬೀತಾದರೆ ಅಷ್ಟೇ ಮೊತ್ತವನ್ನು ಕಂಪನಿಗೆ ಕೊಡಬೇಕು. ಜೊತೆಗೆ 1 ಲಕ್ಷದಿಂದ 5 ಲಕ್ಷ ರೂಪಾಯಿವರೆಗೆ ದಂಡವೂ ಇದೆ. ಸಂಬಂಧಿಕರಿಗೆ ಮಾಡಿಕೊಟ್ಟ ಲಾಭವೂ ಇದರಲ್ಲಿ ಸೇರುತ್ತದೆ. ಹಾಗಾಗಿ ಹೆಂಡತಿಯ ಹೆಸರಿನ ಶೆಡ್ ನಿಮ್ಮನ್ನು ಕಾಪಾಡುವುದಿಲ್ಲ.

ನಂತರ, ಬರವಣಿಗೆಯಲ್ಲಿ ತಿಳಿಸಿ

ಊಟದ ಹೊತ್ತಿನಲ್ಲಿ ಸುಮ್ನೆ ಹೇಳಿದ್ದು ಸಾಲದು. ಫೋನ್ ಮಾಡಿದವರು ಯಾರು, ಏನು ಕೇಳಿದರು, ಎಷ್ಟು ಮೊತ್ತ, ನಿಮ್ಮ ಉದ್ದೇಶ ಏನು, ಎಲ್ಲವನ್ನೂ ಇಮೇಲಿನಲ್ಲಿ ಬರೆದು ಉಳಿದ ಡೈರೆಕ್ಟರ್‌ಗಳಿಗೆ ಕಳಿಸಿ. ಪ್ರತಿ ಹಣಕಾಸು ವರ್ಷದ ಮೊದಲ ಬೋರ್ಡ್ ಮೀಟಿಂಗಿನಲ್ಲಿ ಕೊಡುವ ಎಂಬಿಪಿ-1 ನಮೂನೆ ಬೇರೆ ವಿಷಯ. ನಿಮಗೆ ಯಾವ ಯಾವ ಸಂಸ್ಥೆಯಲ್ಲಿ ಪಾಲಿದೆ ಎಂದಷ್ಟೇ ಅದು ಹೇಳುತ್ತದೆ, ಈ ಆರ್ಡರ್‌ಗೆ ಒಪ್ಪಿಗೆ ಕೊಡುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಬೋರ್ಡ್ ಮೀಟಿಂಗ್ ಕರೆಯಿರಿ

ಸಾಮಾನ್ಯವಾಗಿ 7 ದಿನ ಮೊದಲೇ ನೋಟಿಸ್ ಕೊಡಬೇಕು. ಆರ್ಡರ್ ಹಿಡಿಯುತ್ತದೋ ಬಿಡುತ್ತದೋ ಎಂದು ಕಂಪನಿಯೇ ತೀರ್ಮಾನಿಸಲಿ. ಚರ್ಚೆಯ ಹೊತ್ತಿಗೆ ನೀವು ಹೊರಗೆ ಹೋಗುವುದು ಒಳ್ಳೆಯದು. ವೋಟು ಹಾಕಬೇಡಿ. ಬೇಡ ಎಂದರೆ ಏಕೆ ಬೇಡ ಎಂಬುದು ಮಿನಿಟ್ಸ್‌ನಲ್ಲಿ ಬರಲಿ: ಯಂತ್ರ ಖಾಲಿ ಇಲ್ಲ, ಬಂಡವಾಳ ಇಲ್ಲ, ಏನೇ ಇರಲಿ. ಜೊತೆಗೆ, ನೀವು ಆ ಕೆಲಸ ಮಾಡಲು ಅಡ್ಡಿಯಿಲ್ಲ ಎಂಬ ವಾಕ್ಯ ಬೇರೆಯಾಗಿಯೇ ಇರಬೇಕು. 'ನಮಗೆ ಬೇಡ' ಅಂದರೆ 'ನೀನು ತಗೋ' ಎಂದಾಗುವುದಿಲ್ಲ.

ಷೇರುದಾರರ ಒಪ್ಪಿಗೆಯನ್ನೂ ತೆಗೆದುಕೊಂಡರೆ ಇನ್ನೂ ಗಟ್ಟಿ. ಆದರೆ ಆ ಒಪ್ಪಿಗೆಯನ್ನು ನಿಮ್ಮ ವೋಟಿನ ಬಲದಿಂದಲೇ ಪಡೆಯಬಾರದು. ಕೆನಡಾದಲ್ಲಿ ಹೀಗೇ ಆಗಿತ್ತು. ನಾಲ್ವರಲ್ಲಿ ಮೂವರು ಡೈರೆಕ್ಟರ್‌ಗಳು ರೈಲ್ವೆ ಗುತ್ತಿಗೆಯನ್ನು ತಮ್ಮ ಹೆಸರಿಗೆ ಮಾಡಿಕೊಂಡರು. ಷೇರುಗಳಲ್ಲಿ ಮುಕ್ಕಾಲು ಭಾಗ ಅವರದೇ. ಆ ಬಲದ ಮೇಲೆ, ಕಂಪನಿಗೆ ಈ ಗುತ್ತಿಗೆಯಲ್ಲಿ ಹಕ್ಕಿಲ್ಲ ಎಂದು ಠರಾವು ಮಾಡಿಸಿದರು. ಆಗ ಕೆನಡಾದ ಮೇಲ್ಮನವಿಗಳನ್ನು ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1916ರಲ್ಲಿ ಅದನ್ನು ಒಪ್ಪಲಿಲ್ಲ.

ಒಪ್ಪಿಗೆ ಸಿಕ್ಕ ಮೇಲೆ

ಕಂಪನಿಯ ಕೆಲಸಗಾರರು, ಟೂಲ್‌ಗಳು, ಕಚ್ಚಾ ಮಾಲಿನ ಸಾಲದ ಖಾತೆ ಯಾವುದನ್ನೂ ಮುಟ್ಟಬೇಡಿ. ಅದೇ ಗ್ರಾಹಕರು ನಾಳೆ ಪಂಪಿನ ಬಿಡಿಭಾಗ ಕೇಳಿದರೆ ಅದು ಹೊಸ ಅವಕಾಶ. ಮತ್ತೆ ಬೋರ್ಡಿಗೆ ಹೋಗಲೇಬೇಕು.

ಒಪ್ಪಿಗೆ ಸಿಗದಿದ್ದರೆ? ರಾಜೀನಾಮೆ ಕೊಟ್ಟು ಹೊರಬಂದು ಅದೇ ಕಸುಬಿನಲ್ಲಿ ಹೊಸ ಕಂಪನಿ ಮಾಡಬಹುದು. ಕೆಲಸ ಬಿಟ್ಟ ಮೇಲೂ ಅದೇ ವ್ಯಾಪಾರ ಮಾಡಬಾರದು ಎಂಬ ಷರತ್ತು ಸಾಮಾನ್ಯವಾಗಿ ಒಪ್ಪಂದ ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದಿಲ್ಲ. ನಿಮ್ಮ ಕೈಯ ಕಸುಬು, ಅನುಭವ ನಿಮ್ಮದೇ. ಆದರೆ ಕುರ್ಚಿಯಲ್ಲಿದ್ದಾಗ ಬಂದ ಆ 40 ಲಕ್ಷದ ಆರ್ಡರ್ ಹಿಡಿಯಲೆಂದೇ ಕುರ್ಚಿ ಬಿಟ್ಟರೆ, ಕೂಲಿ ಅವರಂತೆ ಆ ಲಾಭವನ್ನು ಕಂಪನಿಗೆ ಕೊಡಬೇಕಾಗಬಹುದು.