ಸಾಲಕ್ಕೂ ಒಂದು ಪಿಇ ಇದೆ: ನಲವತ್ತರ ಶೇರು ಅಗ್ಗ ಅಂತ ಕೊಂಡ ಲೆಕ್ಕ

"ಏನ್ ಗುರು, ಫೋರ್ಜಿಂಗ್ ಕಂಪನೀನ ನಲವತ್ತು ಪಿಇಗೆ ತಗೊಂಡ್ಯಾ? ಪಕ್ಕದಲ್ಲೇ ಇಪ್ಪತ್ತೆಂಟಕ್ಕೆ ಸಾಲ ಇಲ್ದಿರೋದು ಸಿಗ್ತಿದೆಯಲ್ಲ?"

ಗಾಂಧಿಬಜಾರಿನಲ್ಲಿ ಬೈಟು ಕಾಫಿ ಹಿಡಿದು ನಿಂತಾಗ ನಮ್ಮ ಗುಂಪಿನಲ್ಲಿ ಎದ್ದ ಪ್ರಶ್ನೆ ಇದು. ಪಿಇ ಅಂದರೆ ಕಂಪನಿಯ ಬೆಲೆ ಅದರ ಒಂದು ವರ್ಷದ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ. ಮೂರು ವರ್ಷ ಆಯಿತು. ಅದೇ ಗೆಳೆಯರು ಈಗ ನನ್ನ ಲೆಕ್ಕದ ಶೀಟ್ ಕೇಳುತ್ತಿದ್ದಾರೆ, ಅದಕ್ಕೇ ಬರೆದಿಡುತ್ತಿದ್ದೇನೆ. ಕಂಪನಿಗಳ ಹೆಸರು ಹೇಳುವುದಿಲ್ಲ. ಅಂಕಿಗಳು ನೆನಪಿನಿಂದ ಬರೆದವು, ದುಂಡಗೆ ಮಾಡಿದ್ದೇನೆ.

ನಲವತ್ತರ ಕಂಪನಿಯನ್ನು ಹೊಸಬ ಅನ್ನೋಣ. ಶೇರು 350 ರೂಪಾಯಿ, ನಾಲ್ಕು ಕೋಟಿ ಶೇರು, ಮಾರ್ಕೆಟ್ ಕ್ಯಾಪ್ 1400 ಕೋಟಿ. ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ, ಅಂದರೆ ಎಬಿಟ್ಡಾ 140, ಸವಕಳಿ 40, ಬಡ್ಡಿ 54, ತೆರಿಗೆ ಕಳೆದು ಲಾಭ 34.5 ಕೋಟಿ. ಸಾಲ 600 ಕೋಟಿ. ಇನ್ನೊಂದು ಹಳಬ. ಮಾರ್ಕೆಟ್ ಕ್ಯಾಪ್ 3000 ಕೋಟಿ, ಲಾಭ 108, ಸಾಲ ಸೊನ್ನೆ, ಲಿಕ್ವಿಡ್ ಫಂಡಿನಲ್ಲಿ 200 ಕೋಟಿ. ಪಿಇ ಪ್ರಕಾರ ಹೊಸಬ 40, ಹಳಬ 28. ಮಾತು ಇಲ್ಲಿಗೇ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು.

ಸಾಲ ಕೊಟ್ಟವನು 600 ಕೋಟಿ ಹಾಕಿ ವರ್ಷಕ್ಕೆ 9% ಬಡ್ಡಿ ತೆಗೆದುಕೊಳ್ಳುತ್ತಾನೆ. ಬಡ್ಡಿಗೆ 25% ತೆರಿಗೆಯ ಲಾಭ ಇರುವುದರಿಂದ ಕಂಪನಿಗೆ ನಿಜವಾಗಿ ಬೀಳುವುದು 54ರ ಮುಕ್ಕಾಲು, 40.5 ಕೋಟಿ. 600ನ್ನು 40.5ರಿಂದ ಭಾಗಿಸಿದರೆ 14.8. ಸಾಲದ ಪಿಇ ಅಂದರೆ ಇದೇ. ಇಡೀ ವ್ಯವಹಾರದ ಬೆಲೆ 1400 ಮತ್ತು 600 ಸೇರಿ 2000 ಕೋಟಿ, ಬಡ್ಡಿಗೆ ಮೊದಲಿನ ಆದರೆ ತೆರಿಗೆ ಕಳೆದ ಲಾಭ 75 ಕೋಟಿ, ಹಾಗಾಗಿ ವ್ಯವಹಾರದ ಪಿಇ 26.7. ಅದರಲ್ಲಿ ಒಂದು ಪಾಲು 14.8ಕ್ಕೆ ಹೋಗಿದ್ದರೆ, ಸರಾಸರಿ 26.7 ಬರಬೇಕಾದರೆ ನಮ್ಮ ಪಾಲು ಮೇಲೇರಲೇಬೇಕು. ಅದೇ ಆ ನಲವತ್ತು. ನನ್ನ ಶೀಟಿನಲ್ಲಿ ವ್ಯವಹಾರದ ಬೆಲೆ EV, ಎಬಿಟ್ಡಾದಲ್ಲಿ ಸವಕಳಿ ಕಳೆದದ್ದು EBIT, ಬಡ್ಡಿಗೆ ಮೊದಲಿನ ತೆರಿಗೆ ಕಳೆದ ಲಾಭ NOPAT:

```
EV       = MCap + Debt - Cash
NOPAT    = EBIT * (1 - 0.25)
EV_NOPAT = EV / NOPAT
DebtPE   = 1 / (Rate * (1 - 0.25))
```

ಹಳಬನಿಗೂ ಇದೇ ಮಾಡಿ. 3000ದಲ್ಲಿ 200 ಕಳೆದು 2800. ಲಾಭದಲ್ಲಿ ಫಂಡಿನ ಆದಾಯ ತೆರಿಗೆ ಕಳೆದು ಹತ್ತೂವರೆ ಕೋಟಿ, ಅದನ್ನು ತೆಗೆದರೆ 97.5. ಭಾಗಿಸಿದರೆ 28.7. ಅಂದರೆ ಸಾಲ, ನಗದು ಎರಡನ್ನೂ ಪಕ್ಕಕ್ಕಿಟ್ಟರೆ ನಲವತ್ತರದು ಇಪ್ಪತ್ತೆಂಟರದಕ್ಕಿಂತ ಸ್ವಲ್ಪ ಅಗ್ಗವೇ. ಇವಿ/ಎಬಿಟ್ಡಾ ನೋಡಿದರೂ 14.3 ಮತ್ತು 16. ನಾನು ಎಬಿಟ್ಡಾವನ್ನು ಅಡ್ಡ ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳುತ್ತೇನೆ. ಫೋರ್ಜಿಂಗಿನಲ್ಲಿ ಡೈ, ಪ್ರೆಸ್, ಕುಲುಮೆಗಳಿಗೆ ವರ್ಷವರ್ಷ ದುಡ್ಡು ಸುರಿಯಲೇಬೇಕು, ಸವಕಳಿಯನ್ನು ಖರ್ಚೇ ಅಲ್ಲ ಎಂದು ಬಿಡುವ ಹಾಗಿಲ್ಲ.

ಇದರಲ್ಲಿ ಒಂದು ತಿರುವು ಇದೆ, ನಮ್ಮ ಗುಂಪಿನಲ್ಲಿ ಬಹಳ ಜನ ಅದನ್ನು ಉಲ್ಟಾ ಹಿಡಿದಿದ್ದಾರೆ. "ಸಾಲ ಇದ್ದರೆ ಪಿಇ ಕಡಿಮೆ ಕಾಣುತ್ತೆ, ಸಾಲ ಸೇರಿಸಿದರೆ ದುಬಾರಿ ಅಂತ ಗೊತ್ತಾಗುತ್ತೆ" ಎನ್ನುತ್ತಾರೆ. ವ್ಯವಹಾರದ ಪಿಇ ಸಾಲದ ಪಿಇಗಿಂತ ಕೆಳಗಿದ್ದಾಗ ಮಾತ್ರ ಅದು ನಿಜ. 9ರಿಂದ 9.5% ಬಡ್ಡಿಯ ಕಾಲದಲ್ಲಿ ಆ ಗೆರೆ 14-15ರ ಹತ್ತಿರ ಬರುತ್ತದೆ. ಅದಕ್ಕಿಂತ ಮೇಲಿನ ವ್ಯವಹಾರದಲ್ಲಿ ಸಾಲ ಪಿಇಯನ್ನು ಏರಿಸುತ್ತದೆ, ಕೆಳಗಿನದರಲ್ಲಿ ಇಳಿಸುತ್ತದೆ. ಬಡ್ಡಿ 7%ಕ್ಕೆ ಇಳಿದರೆ ಗೆರೆ 19ಕ್ಕೆ ಏರುತ್ತದೆ.

ಆ ಗೆರೆಯ ಕೆಳಗಿನ ಕಂಪನಿಯಲ್ಲಿ ನಾನು ಮೊದಲೇ ಸುಟ್ಟುಕೊಂಡಿದ್ದೆ. ಪಿಇ 12, ಮಾರ್ಕೆಟ್ ಕ್ಯಾಪ್ 1200 ಕೋಟಿ, ಸಾಲ 900, ಎಬಿಟ್ಡಾ 295. ಸಾಲ ಸೇರಿಸಿದರೂ ವ್ಯವಹಾರದ ಪಿಇ 12.8, ಇವಿ/ಎಬಿಟ್ಡಾ 7.1. ಎರಡೂ ಅಳತೆಯಲ್ಲಿ ಅಗ್ಗ. 240 ರೂಪಾಯಿಯಂತೆ ನಾಲ್ಕು ಲಕ್ಷ ಹಾಕಿ, 150ಕ್ಕೆ ಮಾರಿ, ಒಂದೂವರೆ ಲಕ್ಷ ಕಳೆದುಕೊಂಡೆ. ಗುಣಕ ಸರಿಯಾಗಿಯೇ ಇತ್ತು, ಅದರೊಳಗೆ ಹೋದ ಸಾಲ ತಪ್ಪಾಗಿತ್ತು. ಬ್ಯಾಲೆನ್ಸ್ ಶೀಟಿನ ಸಾಲದ ಸಾಲಿನಲ್ಲಿ 900 ಇತ್ತು. ಇನ್ನೂ 150 ಕೋಟಿ, ಸರಕು ಕೊಟ್ಟವರ ಬಿಲ್ಲುಗಳನ್ನು ಬ್ಯಾಂಕು ತೀರಿಸಿ ಕಂಪನಿ ಆಮೇಲೆ ಬ್ಯಾಂಕಿಗೆ ಕಟ್ಟುವ ವ್ಯವಸ್ಥೆಯಲ್ಲಿ, ಕೊಡಬೇಕಾದ ಬಾಕಿಯ ಜೊತೆ ಕುಳಿತಿತ್ತು. ಬಾಕಿ ತೀರಿಸುವ ದಿನಗಳು 70ರಿಂದ 120ಕ್ಕೆ ಏರಿದ್ದವು, ಇದೇ ಕಸುಬಿನ ಬೇರೆಯವರದು 65ರ ಆಸುಪಾಸು. ಅದು ಕಣ್ಣಿಗೆ ಬೀಳಬೇಕಿತ್ತು. ಆಮೇಲೆ ಟ್ರಕ್ ಮಾರಾಟ ಬಿದ್ದು ಎಬಿಟ್ಡಾ ಐದರಲ್ಲಿ ಒಂದು ಪಾಲು ಇಳಿದು 236 ಆಯಿತು. ಅದೇ ಏಳರ ಗುಣಕದಲ್ಲಿ ವ್ಯವಹಾರ 1650 ಕೋಟಿ, 1050 ಸಾಲ ಕಳೆದರೆ ಶೇರುದಾರರಿಗೆ ಉಳಿದದ್ದು 600. ವ್ಯವಹಾರ ಐದನೇ ಒಂದು ಪಾಲು ಬಿದ್ದಾಗ ಶೇರಿನ ಲೆಕ್ಕ ಅರ್ಧಕ್ಕೆ ಇಳಿಯಿತು.

ಅಲ್ಲಿಂದ ಈಚೆಗೆ ಸಾಲವನ್ನು ಬ್ಯಾಲೆನ್ಸ್ ಶೀಟಿನಿಂದ ನೇರವಾಗಿ ಎತ್ತುವುದಿಲ್ಲ. ಮಾರ್ಚ್ 31ರಂದು ಎಲ್ಲರೂ ಮುಖ ತೊಳೆದುಕೊಂಡು ನಿಲ್ಲುತ್ತಾರೆ. ಮೊದಲು ವರ್ಷದ ಬಡ್ಡಿಯನ್ನು, ಹೊಸ ಯಂತ್ರದ ಬೆಲೆಗೆ ಸೇರಿಸಿಬಿಟ್ಟ ಬಡ್ಡಿಯನ್ನೂ ಕೂಡಿ, ಕಂಪನಿಯ ಬಡ್ಡಿದರದಿಂದ ಭಾಗಿಸುತ್ತೇನೆ. ಹೊಸಬನದು 54ನ್ನು 9%ರಿಂದ ಭಾಗಿಸಿದರೆ 600, ಶೀಟಿನಲ್ಲೂ ಅಷ್ಟೇ. ಶೀಟು 450 ಎಂದು ಹೇಳಿ ಬಡ್ಡಿ 54 ಇದ್ದರೆ, ನಡುವರ್ಷದಲ್ಲಿ ಸಾಲ 600 ಇತ್ತು ಎಂದೇ ಅರ್ಥ, ನಾನು 600 ಹಾಕುತ್ತೇನೆ. ಆಮೇಲೆ ರೇಟಿಂಗ್ ಸಂಸ್ಥೆಯ ವರದಿ ತೆರೆದು, ಬ್ಯಾಂಕಿನ ದುಡಿಮೆ ಬಂಡವಾಳದ ಮಿತಿಯಲ್ಲಿ ಎಷ್ಟು ಭಾಗ ಬಳಕೆಯಾಗುತ್ತಿದೆ ಎಂದು ನೋಡುತ್ತೇನೆ. ಬಾಡಿಗೆ ಕಟ್ಟಡಗಳದು ಇನ್ನೊಂದು ರಗಳೆ. 2019ರ ಏಪ್ರಿಲ್‌ನಿಂದ ಇಂಡ್ ಎಎಸ್ 116 ಬಂದ ಮೇಲೆ ಬಾಡಿಗೆ ಎಬಿಟ್ಡಾದಿಂದ ಹೊರಗೆ ಹೋಗಿ ಸವಕಳಿ, ಬಡ್ಡಿಯಾಗಿ ಕುಳಿತಿದೆ. ಲೀಸ್ ಬಾಧ್ಯತೆಯನ್ನು ಸಾಲಕ್ಕೆ ಸೇರಿಸಿ ಹಾಗೇ ಬಿಡಿ, ಇಲ್ಲವೇ ಸೇರಿಸದೆ ಎಬಿಟ್ಡಾದಿಂದ ಕಟ್ಟಿದ ಬಾಡಿಗೆಯನ್ನು ಕಳೆಯಿರಿ. ಒಂದು ಕಂಪನಿಗೆ ಹಾಗೆ, ಇನ್ನೊಂದಕ್ಕೆ ಹೀಗೆ ಮಾಡಿದರೆ ಹೋಲಿಕೆ ಹೋಯಿತು.

ಇನ್ನು ಬೆಳವಣಿಗೆ. ನಾನು ಮೊದಲು ಎಲ್ಲರಂತೆ ಪಿಇಜಿ, ಅಂದರೆ ಪಿಇಯನ್ನು ಗಳಿಕೆಯ ಬೆಳವಣಿಗೆಯ ಶೇಕಡಾವಾರಿನಿಂದ ಭಾಗಿಸಿದ ಅಂಕಿ, ಹಾಕುತ್ತಿದ್ದೆ, ಮೂವತ್ತು ಕಂಪನಿಗಳ ಮೇಲೆ ಎರಡು ವರ್ಷ ಓಡಿಸಿ ನೋಡಿ ಬಿಟ್ಟೆ. ಪಟ್ಟಿಯ ತುದಿಗೆ ಯಾವಾಗಲೂ ಸಾಲದ ಕಂಪನಿಗಳೇ ಬರುತ್ತಿದ್ದವು. ಕಾರಣ ಹೊಸಬನಲ್ಲೇ ಕಾಣುತ್ತದೆ. ವ್ಯವಹಾರದ ಲಾಭ ವರ್ಷಕ್ಕೆ 20% ಬೆಳೆದರೆ, ಬಡ್ಡಿ ಬೆಳೆಯದ ಕಾರಣ ಶೇರಿನ ಗಳಿಕೆ 40%ರ ಆಸುಪಾಸು ಬೆಳೆಯುತ್ತದೆ. ಪಿಇಜಿ ಒಂದಕ್ಕೆ ಬಂದು ಕೂರುತ್ತದೆ, ನೋಡಿದವರಿಗೆ ಚಿನ್ನ ಸಿಕ್ಕ ಹಾಗೆ. ಆ ಹೆಚ್ಚುವರಿ ಇಪ್ಪತ್ತು ಬಂದದ್ದು ಸಾಲದಿಂದ, ಮಾರಾಟ ಬಿದ್ದ ವರ್ಷ ಅದೇ ವೇಗದಲ್ಲಿ ಕೆಳಗೂ ಹೋಗುತ್ತದೆ.

ಈಗ ಮಾಡುವುದು ಮೂರು ವರ್ಷ ಮುಂದಕ್ಕೆ ನಡೆದು, ಇಬ್ಬರೂ ಒಂದೇ ವೇಗಕ್ಕೆ ಬಂದಾಗ ಹೋಲಿಸುವುದು. ಹೊಸಬನ ಹೊಸ ಘಟಕ 55% ಮಾತ್ರ ಓಡುತ್ತಿತ್ತು, ಹೊಸ ಪ್ರೆಸ್ ಕೊಳ್ಳದೆ ಬೆಳೆಯಬಹುದಿತ್ತು. (ಆ 55ನ್ನು ಕಂಪನಿ ಹೇಳಿರಲಿಲ್ಲ. ಹೇಗೆ ಹಿಡಿದೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ದಾಬಸ್‌ಪೇಟೆ ಕಡೆ ಓಡಾಡುವವರಿಗೆ ಅಂದಾಜು ಸಿಗಬಹುದು.) 20%ರಂತೆ ತೆರಿಗೆ ಕಳೆದ ಲಾಭ 75ರಿಂದ 130ಕ್ಕೆ ಹೋಗುತ್ತದೆ. ಸಾಲ ಎಷ್ಟು ತೀರುತ್ತದೆ ಎನ್ನುವಲ್ಲಿ ಜನ ಎಡವುತ್ತಾರೆ. ಮೂರು ವರ್ಷದ ಲಾಭ ಕೂಡಿ 328 ಕೋಟಿ. ಮಾರಾಟ 800ರಿಂದ 1380ಕ್ಕೆ ಏರಿದಾಗ, ಈ ಕಸುಬಿನಲ್ಲಿ ಮಾರಾಟದ ಕಾಲು ಭಾಗ ದಾಸ್ತಾನು, ಬಾಕಿಗಳಲ್ಲಿ ಸಿಕ್ಕಿಕೊಳ್ಳುವುದರಿಂದ, 145 ಅಲ್ಲಿಗೇ ಹೋಯಿತು. ತೆರಿಗೆಯ ಲಾಭ ಕಳೆದು ಬಡ್ಡಿಗೆ 110. ಸವಕಳಿಗಿಂತ ಹಳೆಯ ಯಂತ್ರ ಬದಲಿಸುವ ಖರ್ಚು ಸ್ವಲ್ಪ ಕಡಿಮೆ ಇದ್ದದ್ದರಿಂದ 15 ಮರಳಿ ಬಂತು. ಉಳಿದದ್ದು 90ರ ಒಳಗೆ. 600ರ ಸಾಲ ಮೂರು ವರ್ಷದ ಒಳ್ಳೆಯ ಬೆಳವಣಿಗೆಯ ನಂತರವೂ 510.

ಆಗ ಯಾವ ಗುಣಕ ಕೊಡಬೇಕು? ಇಬ್ಬರೂ ಆ ಹೊತ್ತಿಗೆ ವರ್ಷಕ್ಕೆ 12% ಬೆಳೆಯುವವರು ಎಂದು ಇಟ್ಟುಕೊಂಡರೂ ಒಂದೇ ಗುಣಕ ಕೊಡಬಾರದು. ಹಳಬ ಹಾಕಿದ ಬಂಡವಾಳಕ್ಕೆ ತೆರಿಗೆ ಕಳೆದು 24% ದುಡಿಯುತ್ತಾನೆ, 12% ಬೆಳೆಯಲು ರೂಪಾಯಿಗೆ ಐವತ್ತು ಪೈಸೆ ವಾಪಸ್ ಹಾಕಿದರೆ ಸಾಕು. ಹೊಸಬ ಮೂರನೇ ವರ್ಷದಲ್ಲೂ 12% ದುಡಿಯುವವನು, ಅದೇ ಬೆಳವಣಿಗೆಗೆ ಪೂರ್ತಿ ರೂಪಾಯಿ ಬೇಕು, ಕೈಗೆ ಏನೂ ಬರುವುದಿಲ್ಲ. ಹೀಗಾಗಿ ಹಳಬನಿಗೆ 22, ಹೊಸಬನಿಗೆ 18 ಕೊಟ್ಟೆ. 22 ಏಕೆ, 24 ಏಕಲ್ಲ ಎಂದರೆ ಅದು ಅನುಭವದ ಅಂದಾಜು. ನಡುವಿನ ಅಂತರ ಇಡುವುದು ಮುಖ್ಯ.

ಹೊಸಬ: 130ಕ್ಕೆ 18ರಂತೆ 2340, ಸಾಲ 510 ಕಳೆದು 1830 ಕೋಟಿ, ಶೇರಿಗೆ 457. ಕೊಂಡ ಬೆಲೆಗಿಂತ 30% ಮೇಲೆ. ಹಳಬ: 97.5 ಬೆಳೆದು 137, 22ರಂತೆ 3014, ಹಳೆಯ ನಗದಿಗೆ ಮೂರು ವರ್ಷದ್ದು ಸೇರಿ 415, ಒಟ್ಟು 3430. ಅಂದಿನ 3000ದ ಮೇಲೆ 14%. ಹೊಸಬನಿಗೆ 16 ಮಾತ್ರ ಕೊಟ್ಟರೂ 390ರ ಹತ್ತಿರ ಬರುತ್ತದೆ, ಅಸಲು ಉಳಿಯುತ್ತದೆ. ಕೊಳ್ಳಲು ಕಾರಣವಾದದ್ದು ಈ ಕೊನೆಯ ಸಾಲು.

ಮೂರು ವರ್ಷದ ನಂತರ ನಿಜವಾಗಿ ಬಂದದ್ದು ಹೀಗೆ: ತೆರಿಗೆ ಕಳೆದ ವ್ಯವಹಾರದ ಲಾಭ 130ರ ಬದಲು 125, ಸಾಲ 510ರ ಬದಲು 520, ಶೇರು 480. ಪಿಇ ಈಗ 21. ಬೆಲೆ ಏರುತ್ತಾ ಪಿಇ ಅರ್ಧಕ್ಕೆ ಇಳಿದದ್ದು ಗುಂಪಿನಲ್ಲಿ ಹಲವರಿಗೆ ಇನ್ನೂ ಜೀರ್ಣವಾಗಿಲ್ಲ.

ಬ್ಯಾಂಕು, ಎನ್‌ಬಿಎಫ್‌ಸಿಗಳ ಮೇಲೆ ಇದನ್ನು ಓಡಿಸಬೇಡಿ, ಅಲ್ಲಿ ಸಾಲವೇ ಕಚ್ಚಾಮಾಲು. ಉಕ್ಕು, ಸಕ್ಕರೆಯಂಥ ಏರಿಳಿತದ ಕಸುಬಿನಲ್ಲಿ ಒಂದು ವರ್ಷದ ಲಾಭ ಹಾಕಿದರೆ ತುದಿಯಲ್ಲಿ ಅಗ್ಗ, ತಳದಲ್ಲಿ ದುಬಾರಿ ಎಂದು ತೋರಿಸುತ್ತದೆ, ಏಳು ವರ್ಷದ ಸರಾಸರಿ ಮಾರ್ಜಿನ್ ಹಾಕಿ ನೋಡಿದ್ದೇನೆ, ಸುಮಾರಾಗಿ ನಡೆಯುತ್ತದೆ. ಹೊಸಬನ ವ್ಯವಹಾರದ ಪಿಇ ಈಗ 19.5, ನಾನೇ ಕೊಟ್ಟ ಹದಿನೆಂಟನ್ನು ದಾಟಿದೆ. ಅರ್ಧ ಮಾರಿದ್ದೇನೆ, ಉಳಿದರ್ಧಕ್ಕೆ ಸೆಪ್ಟೆಂಬರ್ ಬ್ಯಾಲೆನ್ಸ್ ಶೀಟಿನಲ್ಲಿ ಬಾಕಿ ತೀರಿಸುವ ದಿನಗಳು ಎಷ್ಟಿವೆ ಎಂದು ನೋಡಬೇಕು.