ಸ್ಟ್ರಾಪ್ ಬಿಚ್ಚಿ 160 ಕಿಲೋ ಎತ್ತಿದ್ದು: ಫಾರ್ಮರ್ ಕ್ಯಾರಿಯ ನನ್ನ ಅನುಭವ

ನೆಲದಿಂದ ಬಾರ್ ಎತ್ತಿ ನೇರ ನಿಲ್ಲುವ ಡೆಡ್‌ಲಿಫ್ಟ್‌ನಲ್ಲಿ ಎರಡು ವರ್ಷ ನಾನು 140 ಕಿಲೋ ದಾಟಲಿಲ್ಲ. ಚಿಕ್ಕಮಗಳೂರಿನ ನಮ್ಮ ಜಿಮ್ಮಿನಲ್ಲಿ ಎಲ್ಲರೂ ಬೆನ್ನಿನ ಮೇಲೆ ತಪ್ಪು ಹೊರಿಸಿದರು. ಮಣಿಕಟ್ಟನ್ನು ಬಾರಿಗೆ ಬಿಗಿಯುವ ಸ್ಟ್ರಾಪ್ ಕಟ್ಟಿದರೆ ಅದೇ ಬೆನ್ನು 165 ಎತ್ತುತ್ತಿತ್ತು. ಬಿಚ್ಚಿದರೆ, ಬಾರ್ ಮೊಣಕಾಲು ದಾಟುವಾಗ ಮೊದಲು ಕಿರುಬೆರಳು ತೆರೆದುಕೊಂಡು, ಬಾರ್ ಉರುಳುತ್ತಾ ಬೆರಳ ತುದಿಗೆ ಬಂದು ಬೀಳುತ್ತಿತ್ತು. ಸೋಲುತ್ತಿದ್ದುದು ಕೈ.

ಫಾರ್ಮರ್ ಕ್ಯಾರಿ ಮಾಡುತ್ತೇನೆ ಎಂದಾಗ ‘ಭಾರ ಹಿಡಿದು ನಡೆದರೆ ಡೆಡ್‌ಲಿಫ್ಟ್ ಏರುತ್ತದೆಯೇ ಮಾರಾಯ?’ ಎಂದರು. ಮೊದಲ ಮೂರು ತಿಂಗಳು ಅವರ ಮಾತೇ ನಿಜವಾಯಿತು. 20 ಲೀಟರಿನ ಎರಡು ಕ್ಯಾನ್‌ಗಳಿಗೆ ನೀರು ತುಂಬಿ ಕಾಫಿ ಕಣದಲ್ಲಿ ಆರೇಳು ಸುತ್ತು ನಡೆಯುತ್ತಿದ್ದೆ. ಮುಂಗೈ ಉರಿಯುತ್ತಿತ್ತು, ಡೆಡ್‌ಲಿಫ್ಟ್ ಒಂದು ಕಿಲೋ ಕೂಡ ಏರಲಿಲ್ಲ. ಹಗುರ ಭಾರದಿಂದ ತಾಳಿಕೆ ಬಂತೇ ಹೊರತು ಬಲ ಬರಲಿಲ್ಲ. ಸಣ್ಣ ಹಿಡಿಕೆ ಚರ್ಮ ಕೊರೆಯುತ್ತದೆಂದು ಸುಮಾರು 700 ರೂಪಾಯಿಯ ಗ್ಲೌಸ್ ತಂದೆ. ಅದರೊಳಗೆ ಕೈ ಜಾರಿತು. ಆ ಹಣವೂ ಹೋಯಿತು.

ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಜಿಮ್ಮಿನ ಬಾರಿನಷ್ಟೇ ದಪ್ಪದ ಹಿಡಿಕೆಯಿರುವ, ಎರಡೂ ತುದಿಗೆ ಪ್ಲೇಟ್ ಹಾಕಬಹುದಾದ ಜೋಡಿ ಮಾಡಿಸಿದೆ. ಸುಮಾರು 3,800 ರೂಪಾಯಿ. ಹಿಡಿಕೆ ನಟ್ಟನಡುವೆ ಕೂರದೆ ಮುಂದಿನ ತುದಿ ಬಾಗಿ ಮಣಿಕಟ್ಟು ತಿರುಚುತ್ತಿತ್ತು. ಸರಿಪಡಿಸಲು ಮತ್ತೆ 600 ಕೊಟ್ಟೆ.

ಒಂದೊಂದು ಕೈಗೆ 50 ಕಿಲೋದಿಂದ ಆರಂಭಿಸಿದೆ. 20 ಮೀಟರ್, ಚಿಕ್ಕ ಹೆಜ್ಜೆ, ನಾಲ್ಕು ಸಲ, ನಡುವೆ ಮೂರು ನಿಮಿಷ ಬಿಡುವು. ವಾರಕ್ಕೆ ಎರಡು ದಿನ, ಡೆಡ್‌ಲಿಫ್ಟ್ ಮುಗಿದ ಮೇಲೆ. ನಾಲ್ಕೂ ಸಲ ಕೆಳಗಿಡದೆ ಮುಗಿಸಿದರೆ ಮಾತ್ರ ಕೈಗೆ ಎರಡೂವರೆ ಕಿಲೋ ಹೆಚ್ಚಿಸುತ್ತಿದ್ದೆ. ಹಿಡಿಕೆಯನ್ನು ಅಂಗೈಯ ನಡುವೆ ಇಟ್ಟರೆ ಚರ್ಮ ಮಡಚಿಕೊಂಡು ಜಡ್ಡು ಕಿತ್ತುಬರುತ್ತದೆ. ಬೆರಳುಗಳ ಬುಡದಲ್ಲಿ ಕೂರಿಸಬೇಕು. ಹೆಬ್ಬೆರಳನ್ನು ಯಾವ ಬೆರಳಿನ ಮೇಲೆ ಒತ್ತುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನಲ್ಲೇ ಇರಲಿ.

ಆರನೇ ವಾರ ಆಸೆಗೆ ಬಿದ್ದು ನಾಲ್ಕು ದಿನ ಮಾಡಿದೆ. ಮೊಣಕೈಯ ಒಳಬದಿ ಹಿಡಿದುಕೊಂಡಿತು, ಕಾಫಿ ಲೋಟ ಎತ್ತಿದರೂ ಚುಚ್ಚುತ್ತಿತ್ತು. ಬೆರಳು ಮಡಚುವ ಸ್ನಾಯುಗಳಿರುವುದು ಮುಂಗೈಯಲ್ಲಿ, ಅವುಗಳಲ್ಲಿ ಕೆಲವು ಹುಟ್ಟುವುದು ಮೊಣಕೈಯ ಒಳಬದಿಯ ಮೂಳೆಯ ಬಳಿಯೇ. ಎರಡು ವಾರ ಬಿಟ್ಟು, 40 ಕಿಲೋಗೆ ಇಳಿದೆ. ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ದಿನಕ್ಕೆ 25 ಸಲ ಅಗಲಿಸಲಾರಂಭಿಸಿದೆ.

ನಡುವೆ ಹಿಡಿಕೆಗೆ ಟವೆಲ್ ಸುತ್ತಿ ದಪ್ಪ ಮಾಡಿಯೂ ನೋಡಿದೆ. 35 ಕಿಲೋಗೇ ಕೈ ಸೋತಿತು. ಹೆಬ್ಬೆರಳು ಗಟ್ಟಿಯಾಯಿತು, ಡೆಡ್‌ಲಿಫ್ಟ್‌ಗೆ ಲಾಭ ಕಾಣಲಿಲ್ಲ.

ಏಳೆಂಟು ತಿಂಗಳಿಗೆ ಕೈಗೆ 75 ಕಿಲೋ ಹಿಡಿದು ನಡೆದೆ, ಸ್ಟ್ರಾಪ್ ಇಲ್ಲದೆ 160 ಎತ್ತಿದೆ. ಎಂಟಕ್ಕೆ ಕೈಬಿಟ್ಟು ಬೀಳುತ್ತಿದ್ದ ಪುಲ್‌ಅಪ್ ಹನ್ನೆರಡಾಯಿತು. ಸ್ಕ್ವಾಟ್ ಬದಲಾಗಲಿಲ್ಲ, ಅಲ್ಲಿ ಭಾರ ಬೆರಳಿಗೆ ನೇತಾಡುವುದಿಲ್ಲ. ಈಗ ಮಳೆಗಾಲ, ಕಣದಲ್ಲಿ ಪಾಚಿ. ನಡೆಯುವ ಬದಲು ಕೈಗೆ ಐದು ಕಿಲೋ ಹೆಚ್ಚು ಹಾಕಿ, ನಿಂತಲ್ಲೇ 20 ಸೆಕೆಂಡು ಹಿಡಿಯುತ್ತಿದ್ದೇನೆ.